ಹೊಡೆಯುವುದೋ, ನಡೆಸುವುದೋ: ಲೂಡೋ ಹಲಗೆಯ ಮೇಲಿನ ಲೆಕ್ಕ

(ಮಂಗಳೂರಿನಲ್ಲಿ, ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಟಿ ತಿಂಗಳ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿದ್ದವರು ನಡುವೆ ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿ ಸುರಿಯುತ್ತಾ ಉಂಟು. ಹಿಂದಿನ ಸಾಲಿನವರಿಗೆ ಕೇಳದಿದ್ದರೆ ದಯವಿಟ್ಟು ಕೈ ಎತ್ತಿ, ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ಆಟಿಯಲ್ಲಿ ಚೆನ್ನೆಮಣೆ ಹೊರಗೆ ಬರುವುದು ನಮ್ಮ ಕಡೆಯ ವಾಡಿಕೆ. ಈಗ ಅದರ ಜೊತೆಗೆ ಲೂಡೋ ಹಲಗೆಯೂ ಬರುತ್ತದೆ, ಇಲ್ಲವೇ ಮೊಬೈಲೇ ಹಲಗೆಯಾಗುತ್ತದೆ. ಪಗಡೆಯ ಕುಟುಂಬದ ಈ ಆಟಕ್ಕೆ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ತೆಗೆದುಕೊಂಡರು. ಪಗಡೆಯ ಕವಡೆಗಳ ಬದಲು ಒಂದೇ ಒಂದು ದಾಳ ಬಂತು. ಚರಿತ್ರೆಯನ್ನು ಇಷ್ಟಕ್ಕೇ ಬಿಡುತ್ತೇನೆ. ಆದರೆ ಆ ಒಂದೇ ದಾಳ ಎನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಇವತ್ತಿನ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆಯೇ.

ನಾನು ಹೇಳಬೇಕೆಂದಿರುವುದು ಒಂದೇ ಸಂದರ್ಭದ ಬಗ್ಗೆ. ಗರ ಬಿದ್ದಿದೆ. ಒಂದು ಕಾಯಿಯಿಂದ ಎದುರಾಳಿಯ ಕಾಯಿಯನ್ನು ಹೊಡೆಯಬಹುದು. ಅದೇ ಗರದಲ್ಲಿ ನಮ್ಮ ಇನ್ನೊಂದು ಕಾಯಿಯನ್ನು ಅಪಾಯದಿಂದ ಪಾರು ಮಾಡಿ ನಕ್ಷತ್ರದ ಮನೆಗೆ ಸೇರಿಸಬಹುದು. ಎರಡರಲ್ಲಿ ಯಾವುದು? ಲೂಡೋದಲ್ಲಿ ಎಲ್ಲ ಅದೃಷ್ಟ ಎನ್ನುವವರು ಈ ಘಳಿಗೆಯನ್ನು ಗಮನಿಸುವುದಿಲ್ಲ. ಬೀಳುವ ಗರ ನಮ್ಮ ಕೈಯಲ್ಲಿಲ್ಲ, ನಿಜ. ಬಿದ್ದ ಗರವನ್ನು ಯಾವ ಕಾಯಿಗೆ ಕೊಡಬೇಕು ಎನ್ನುವುದು ಪೂರ್ತಿ ನಮ್ಮ ಕೈಯಲ್ಲೇ ಉಂಟು.

ಮೊದಲು ಹಲಗೆಯನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ನೋಡೋಣ. ರಥಬೀದಿಯಲ್ಲಿ ಕೊಂಡ ಈ ರಟ್ಟಿನ ಹಲಗೆ ಮೇಜಿನ ಮೇಲುಂಟು, ಹತ್ತಿರ ಬಂದು ನೋಡಬಹುದು. ಸುತ್ತಿನ ದಾರಿಯಲ್ಲಿ ಒಟ್ಟು 52 ಮನೆ. ನಾವು ಕೆಂಪು ಎಂದಿಟ್ಟುಕೊಳ್ಳಿ. ಕೆಂಪು ಕಾಯಿ ಗೂಡಿನಿಂದ ಹೊರಗೆ ಬಂದು ಕೂರುವ ಮನೆಯನ್ನು ಸೊನ್ನೆ ಎಂದು ಕರೆಯೋಣ. ಅಲ್ಲಿಂದ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಎಣಿಸಿದರೆ 13ನೆಯದು ಹಸಿರಿನವರು ಹೊರಡುವ ಮನೆ, 26ನೆಯದು ಹಳದಿಯವರದ್ದು, 39ನೆಯದು ನೀಲಿಯವರದ್ದು. ನಕ್ಷತ್ರಗಳು 8, 21, 34, 47ರಲ್ಲಿ ಇವೆ. ಹೊರಡುವ ನಾಲ್ಕು ಮನೆ, ನಕ್ಷತ್ರದ ನಾಲ್ಕು ಮನೆ, ಹೀಗೆ ಎಂಟು ಕಡೆ ಯಾರೂ ಯಾರನ್ನೂ ಹೊಡೆಯುವ ಹಾಗಿಲ್ಲ. ನಮ್ಮ ಕಾಯಿ 50ನೇ ಮನೆಯವರೆಗೆ ಸುತ್ತಿನ ದಾರಿಯಲ್ಲಿ ನಡೆದು, 51ರಿಂದ ನಮ್ಮದೇ ಬಣ್ಣದ ಸಾಲಿಗೆ ತಿರುಗುತ್ತದೆ. 56ಕ್ಕೆ ಹಣ್ಣು.

ಕೆಲವು ಹಳೆಯ ಹಲಗೆಗಳಲ್ಲಿ ನಕ್ಷತ್ರ ಅಚ್ಚಾಗಿರುವುದಿಲ್ಲ. ಹಾಗಿದ್ದರೆ ಆಟ ಶುರುವಾಗುವ ಮೊದಲೇ ಪೆನ್ನಿನಿಂದ ಗುರುತು ಹಾಕಿ. ಆಟದ ಮಧ್ಯದಲ್ಲಿ ಎಂಟನೇ ಮನೆ ಯಾವುದು ಎಂದು ಎಣಿಸಲು ಹೊರಟರೆ ಜಗಳ ಗ್ಯಾರಂಟಿ.

ಈ ಎಂಟು ಮನೆಗಳ ನಡುವಿನ ಅಂತರವನ್ನು ಗಮನಿಸಿ. ಸೊನ್ನೆಯಿಂದ 8ಕ್ಕೆ ಎಂಟು ಹೆಜ್ಜೆ. 8ರಿಂದ 13ಕ್ಕೆ ಐದು. ಮತ್ತೆ ಎಂಟು, ಮತ್ತೆ ಐದು. ಐದರ ಅಂತರವನ್ನು ಒಂದೇ ಗರದಲ್ಲಿ ದಾಟಬಹುದು. ಎಂಟರದ್ದನ್ನು ಒಂದೇ ಗರದಲ್ಲಿ ದಾಟಲು ಆಗುವುದೇ ಇಲ್ಲ. 6 ಬಿದ್ದು ಅದರ ಹಿಂದೆಯೇ 2 ಬಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಕಾಯಿ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಬಯಲಿನಲ್ಲಿ ನಿಲ್ಲಲೇಬೇಕು. ಅಂದರೆ ಹಲಗೆಯ ಮೇಲಿನ ಅಪಾಯ ಎಲ್ಲ ಕಡೆ ಒಂದೇ ಸಮ ಇಲ್ಲ. ಹೊರಡುವ ಮನೆಯಿಂದ ನಕ್ಷತ್ರದವರೆಗಿನ ಏಳು ಮನೆಗಳಲ್ಲೇ ಹೆಚ್ಚು ಕಾಯಿಗಳು ಸಿಕ್ಕಿಬೀಳುವುದು.

ಈಗ ಮುಖ್ಯ ಮಾತು. ಬಯಲಿನಲ್ಲಿ ನಿಂತ ಕಾಯಿಗೆ ಅಪಾಯ ಎಷ್ಟು?

ಎದುರಾಳಿಯ ಒಂದು ಕಾಯಿ ನಮ್ಮ ಹಿಂದೆ ಮೂರು ಮನೆ ದೂರದಲ್ಲಿ ಉಂಟು ಎನ್ನಿ. ಅವರಿಗೆ 3 ಬೀಳಬೇಕು. ಆರರಲ್ಲಿ ಒಂದು ಅವಕಾಶ, 100ಕ್ಕೆ ಸುಮಾರು 17. ಒಂದೇ ಮನೆ ಹಿಂದೆ ಇದ್ದರೆ? ಆಗಲೂ 17. ಆರು ಮನೆ ಹಿಂದೆ ಇದ್ದರೆ? ಆಗಲೂ ಅಷ್ಟೇ. ಬೆನ್ನಿಗೆ ಅಂಟಿಕೊಂಡ ಕಾಯಿ ಹೆಚ್ಚು ಅಪಾಯ ಎಂದು ನಮಗೆಲ್ಲ ಅನಿಸುತ್ತದೆ, ಹಾಗಾಗಿ ಒಂದು ಮನೆ ದೂರದಿಂದ ನಾಲ್ಕು ಮನೆ ದೂರಕ್ಕೆ ಓಡಿ ಸಮಾಧಾನಪಡುತ್ತೇವೆ. ಆ ಓಟದಿಂದ ಏನೂ ದಕ್ಕಲಿಲ್ಲ. ಎರಡು ದಾಳ ಇರುವ ಆಟಗಳಲ್ಲಿ ದೂರಕ್ಕೆ ತಕ್ಕ ಹಾಗೆ ಅಪಾಯ ಏರುಪೇರಾಗುತ್ತದೆ. ಒಂದೇ ದಾಳದಲ್ಲಿ 1ರಿಂದ 6ರವರೆಗೆ ಎಲ್ಲವೂ ಒಂದೇ.

ಬದಲಾಗುವುದು ಏಳನೇ ಮನೆಯಲ್ಲಿ. ಏಳು ಮನೆ ದೂರದಿಂದ ಹೊಡೆಯಲು ಮೊದಲು 6 ಬಿದ್ದು, ಮತ್ತೆ ಹಾಕಿದಾಗ 1 ಬೀಳಬೇಕು. 36ರಲ್ಲಿ ಒಂದು ಅವಕಾಶ, 100ಕ್ಕೆ ಮೂರೂ ಇಲ್ಲ. 7ರಿಂದ 12ರವರೆಗೆ ಇಷ್ಟೇ. 13ರಿಂದ 17ರವರೆಗೆ ಎರಡು ಸಲ 6 ಬಿದ್ದು ಮೂರನೆಯದು ಸರಿಯಾಗಿ ಬೀಳಬೇಕು, 216ರಲ್ಲಿ ಒಂದು. ಮೂರನೇ 6 ರದ್ದಾಗುವ ನಿಯಮ ಇರುವುದರಿಂದ ಅದಕ್ಕಿಂತ ಹಿಂದೆ ಇರುವ ಕಾಯಿಯ ಬಗ್ಗೆ ಈ ಸರದಿಯಲ್ಲಿ ಯೋಚನೆಯೇ ಬೇಡ. ಹಾಗಾಗಿ ಆರರಿಂದ ಏಳಕ್ಕೆ ಸರಿಯುವ ಆ ಒಂದು ಹೆಜ್ಜೆಗೆ ಬಹಳ ಬೆಲೆ. ಅಪಾಯ ಒಮ್ಮೆಲೇ ಆರನೇ ಒಂದು ಪಾಲಿಗೆ ಇಳಿಯುತ್ತದೆ. ಕಾಯಿಯನ್ನು ಸೇಫ್ ಮನೆಗೆ ಮುಟ್ಟಿಸಲು ಆಗದಿದ್ದರೆ, ಬೆನ್ನಟ್ಟುವವರಿಂದ ಏಳು ಮನೆ ಆಚೆ ನಿಲ್ಲಿಸಲು ಆಗುತ್ತದೆಯೇ ನೋಡಿ.

ಎರಡು ಕಾಯಿ ಬೆನ್ನಟ್ಟುತ್ತಿದ್ದರೆ? ಒಂದು ಎರಡು ಮನೆ ಹಿಂದೆ, ಇನ್ನೊಂದು ನಾಲ್ಕು ಮನೆ ಹಿಂದೆ ಇದ್ದರೆ 2 ಬಿದ್ದರೂ ಹೊಡೆತ, 4 ಬಿದ್ದರೂ ಹೊಡೆತ. ಒಂದೇ ಗರದ ಲೆಕ್ಕದಲ್ಲಿ 17 ಈಗ 33 ಆಯಿತು. ಆದರೆ ಆ ಎರಡೂ ಕಾಯಿ ಒಂದೇ ಮನೆಯಲ್ಲಿ ಕೂತಿದ್ದರೆ ಅಪಾಯ 17 ಮಾತ್ರ, ಯಾಕೆಂದರೆ ಎರಡಕ್ಕೂ ಬೇಕಾದ ಗರ ಒಂದೇ. ಹಿಂದೆ ಎಷ್ಟು ಕಾಯಿ ಇವೆ ಎಂದು ಎಣಿಸಬೇಡಿ. ಯಾವ ಯಾವ ಗರ ಬಿದ್ದರೆ ನಮಗೆ ಪೆಟ್ಟು ಎಂದು ಎಣಿಸಿ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಕ್ಕ ಕೇಳಿದರು: "ಅವರ ಗೂಡಿನಲ್ಲಿ ನಾಲ್ಕೂ ಕಾಯಿ ಉಂಟು, ನನ್ನ ಕಾಯಿ ಅವರ ಬಾಗಿಲಿನ ಎದುರೇ ನಿಂತಿದೆ. ಅದು ಎಲ್ಲಕ್ಕಿಂತ ದೊಡ್ಡ ಅಪಾಯ ಅಲ್ವಾ?"

ಅಲ್ಲ ಅಕ್ಕ. ಗೂಡಿನಲ್ಲಿರುವ ಕಾಯಿ ಹೊಡೆಯಬೇಕಾದರೆ ಮೊದಲು 6 ಬಿದ್ದು ಹೊರಗೆ ಬರಬೇಕು, ಆಮೇಲೆ ಸರಿಯಾದ ಗರ ಬೀಳಬೇಕು. 36ರಲ್ಲಿ ಒಂದು. ಗೂಡಿನಲ್ಲಿ ಒಂದು ಕಾಯಿ ಇದ್ದರೂ ನಾಲ್ಕು ಇದ್ದರೂ ಹೆಚ್ಚುಕಡಿಮೆ ಅಷ್ಟೇ. ನಿಜವಾದ ಅಪಾಯ ಅವರ ಹೊರಡುವ ಮನೆಯಲ್ಲಿ ಈಗಾಗಲೇ ಬಂದು ಕೂತ ಕಾಯಿಯದ್ದು, ಅದು ಒಂದೇ ಗರದಲ್ಲಿ ಹೊಡೆಯುತ್ತದೆ. ಬಾಗಿಲಿನಲ್ಲಿ ಕೂತ ಕಾಯಿಯ ಜೊತೆಗೆ ಗೂಡಿನಲ್ಲೂ ಒಂದು ಇದ್ದರೆ ಅವಕಾಶ ಇನ್ನೂ ಸ್ವಲ್ಪ ಹೆಚ್ಚು: 6 ಬಿದ್ದಾಗ ಗೂಡಿನದ್ದನ್ನು ಹೊರಗೆ ತೆಗೆದು, ಮತ್ತೆ ಹಾಕಿ ನಮ್ಮನ್ನು ಹೊಡೆಯಲು ಇನ್ನೊಂದು ಅವಕಾಶ ಸಿಗುತ್ತದೆ. 17 ಹೋಗಿ 20ರ ಹತ್ತಿರ ಆಗುತ್ತದೆ. ಆ 6 ಬಿದ್ದಾಗ ನಡೆಸಲು ಬೇರೆ ಕಾಯಿ ಇರುವುದೇ ಅವರ ಬಲ.

ಇಷ್ಟು ಅಪಾಯದ ಲೆಕ್ಕ. ಇನ್ನು ಹೊಡೆತದ ಬೆಲೆ.

ಎದುರಾಳಿಯ ಕಾಯಿಯನ್ನು ಹೊಡೆದಾಗ ಅವರು ಕಳೆದುಕೊಳ್ಳುವುದು ಆ ಕಾಯಿ ನಡೆದು ಬಂದಷ್ಟು ಹೆಜ್ಜೆ. ಅದರ ಮೇಲೆ, ಮತ್ತೆ ಹೊರಗೆ ತರಲು ಒಂದು 6 ಖರ್ಚಾಗುತ್ತದೆ. ಆ 6 ಬೇರೆ ಕಾಯಿಗೆ ಆರು ಹೆಜ್ಜೆ ಆಗುತ್ತಿತ್ತು. ಹಾಗಾಗಿ ಬೆಲೆ ಎಂದರೆ ನಡೆದ ಹೆಜ್ಜೆ, ಅದಕ್ಕೆ ಆರು ಸೇರಿಸಿ. ನಾವು ಹೊಡೆಸಿಕೊಂಡರೂ ಇದೇ ಲೆಕ್ಕ. 6 ಬಿದ್ದರೆ ಸಿಗುವ ಮರು ಗರ ಸೇರಿಸಿಯೂ ಒಂದು ಸರದಿಗೆ ಸರಾಸರಿ ನಡೆಯುವುದು 4 ಹೆಜ್ಜೆಗಿಂತ ಸ್ವಲ್ಪ ಹೆಚ್ಚು. 38 ಹೆಜ್ಜೆ ನಡೆದ ಕಾಯಿ ಹೋಯಿತು ಎಂದರೆ ಒಂಬತ್ತು ಸರದಿಗಳ ದುಡಿಮೆ ಹೋದ ಹಾಗೆ.

ಒಂದು ಸಂದರ್ಭದಲ್ಲಿ ಬೆಲೆ ಇದಕ್ಕಿಂತ ತುಂಬಾ ಏರುತ್ತದೆ. ಅವರಿಗೆ ನಡೆಸಲು ಇದ್ದದ್ದು ಅದೊಂದೇ ಕಾಯಿ, ಉಳಿದದ್ದು ಗೂಡಿನಲ್ಲೋ ಹಣ್ಣಾಗಿಯೋ ಇವೆ ಎನ್ನಿ. ಅದನ್ನು ಹೊಡೆದರೆ 6 ಬೀಳುವವರೆಗೆ ಅವರು ಸುಮ್ಮನೆ ಕೂರಬೇಕು. 6 ಬೀಳಲು ಸರಾಸರಿ ಆರು ಸಲ ದಾಳ ಹಾಕಬೇಕು, ಅಂದರೆ ಐದು ಸರದಿ ಖಾಲಿ. ಅಷ್ಟು ಹೊತ್ತು ನಮ್ಮ ಕಾಯಿಗಳೆಲ್ಲ ಬಹುಮಟ್ಟಿಗೆ ನಿರ್ಭಯ. ಆ ಹೊಡೆತ ಕಣ್ಣಿಗೆ ಬಿದ್ದರೆ ಬಿಡಲೇಬಾರದು.

ಹಿಂದಿನಿಂದ ಒಬ್ಬ ಹುಡುಗ ಎದ್ದು ನಿಂತ. "ಹತ್ತು ಸಲ ಹಾಕಿದರೂ 6 ಬೀಳದಿದ್ದರೆ ಹನ್ನೊಂದನೆಯದಕ್ಕೆ ಬೀಳುವ ಚಾನ್ಸ್ ಹೆಚ್ಚು ಅಲ್ವಾ ಸರ್?" ಇಲ್ಲ ಮಗಾ. ಹನ್ನೊಂದನೆಯದಕ್ಕೂ ಆರರಲ್ಲಿ ಒಂದೇ. ಹತ್ತು ಸಲದಲ್ಲಿ ಒಂದೂ 6 ಬೀಳದಿರುವುದು 100ಕ್ಕೆ 16 ಸಲ ಆಗುವಂಥದ್ದು, ಅದರಲ್ಲಿ ವಿಶೇಷ ಏನೂ ಇಲ್ಲ. "ಈಗ ಅವರಿಗೆ 6 ಬೀಳುವ ಹೊತ್ತು" ಎಂದು ಹೆದರಿ ನಡೆಯನ್ನು ಬದಲಿಸುವುದೂ ತಪ್ಪು, "ನನಗೆ ಬಂದೇ ಬರುತ್ತದೆ" ಎಂದು ನಂಬಿ ಕಾಯಿಯನ್ನು ಬಯಲಿನಲ್ಲಿ ಬಿಡುವುದೂ ತಪ್ಪು.

ಈಗ ಹಲಗೆಯ ಮೇಲೆ ಒಂದು ಆಟ ಇಡುತ್ತೇನೆ. ಇಬ್ಬರೇ ಆಡುವುದು, ನಾವು ಕೆಂಪು, ಎದುರು ಹಳದಿ. ಮನೆಗಳ ಲೆಕ್ಕ ಎಲ್ಲವೂ ಕೆಂಪಿನಿಂದ. ಪ್ರತಿ ಗರ ಬಿದ್ದ ಕೂಡಲೇ ಕಾಯಿ ನಡೆಸಿ, ಆಮೇಲೆ ಮುಂದಿನದು ಹಾಕುವುದು ಎಂದಿಟ್ಟುಕೊಳ್ಳೋಣ.

ನಮ್ಮ ಒಂದು ಕಾಯಿ 31ರಲ್ಲಿ ಉಂಟು, ಇನ್ನೊಂದು 9ರಲ್ಲಿ. ಹಳದಿಯ ಒಂದು ಕಾಯಿ 29ರಲ್ಲಿ, ಅಂದರೆ ನಮ್ಮ 31ರ ಕಾಯಿಗೆ ಎರಡು ಮನೆ ಹಿಂದೆ. ಹಳದಿಯ ಇನ್ನೊಂದು ಕಾಯಿ 12ರಲ್ಲಿ, ಅದು 26ರಿಂದ ಹೊರಟು ಸುತ್ತು ಬಂದಿರುವುದರಿಂದ 38 ಹೆಜ್ಜೆ ನಡೆದಿದೆ. ಉಳಿದ ಎರಡು ಹಳದಿ ಕಾಯಿಗಳು ಗೂಡಿನಲ್ಲಿವೆ. ನಮಗೆ 3 ಬಿತ್ತು. 31ರದ್ದನ್ನು ನಡೆಸಿದರೆ 34ರ ನಕ್ಷತ್ರ, ಸೇಫ್. 9ರದ್ದನ್ನು ನಡೆಸಿದರೆ 12ರಲ್ಲಿ ಹೊಡೆತ. ಎಂತ ಮಾಡುವುದು?

ಹೊಡೆದರೆ 31ರ ಕಾಯಿ ಬಯಲಿನಲ್ಲೇ ಉಳಿಯುತ್ತದೆ. ಅದಕ್ಕೆ ಪೆಟ್ಟು ಹೇಗೆ ಬೀಳಬಹುದು ನೋಡಿ. ಹಳದಿಗೆ ನೇರವಾಗಿ 2 ಬೀಳಬಹುದು, ಆರರಲ್ಲಿ ಒಂದು. ಅಥವಾ ಮೊದಲು 6 ಬಿದ್ದು ಗೂಡಿನಿಂದ ಒಂದು ಕಾಯಿ 26ಕ್ಕೆ ಬಂದು, ಆಮೇಲೆ 2 ಬಿದ್ದರೆ 29ರದ್ದು ಹೊಡೆಯುತ್ತದೆ, 5 ಬಿದ್ದರೆ ಹೊಸದು ಹೊಡೆಯುತ್ತದೆ. ಎರಡು ಸಲ 6 ಬಿದ್ದು ಆಮೇಲೆ 2 ಅಥವಾ 5 ಬೀಳುವುದನ್ನೂ ಸೇರಿಸಿದರೆ ಒಟ್ಟು 216ರಲ್ಲಿ 50, ಅಂದರೆ 100ಕ್ಕೆ 23. ಆ ಕಾಯಿ ಹೋದರೆ ನಮಗೆ ನಷ್ಟ 31, ಅದಕ್ಕೆ ಆರು ಸೇರಿಸಿ 37. 37ರಲ್ಲಿ 100ಕ್ಕೆ 23 ಎಂದರೆ ಎಂಟೂವರೆ ಹೆಜ್ಜೆ. ಇದು ನಾವು ತೆಗೆದುಕೊಳ್ಳುವ ಅಪಾಯದ ಬೆಲೆ. ಹೊಡೆದ ನಮ್ಮ ಕಾಯಿ 12ರಲ್ಲಿ ನಿಂತಾಗ ಅದರ ಹಿಂದೆ ಹತ್ತಿರದಲ್ಲಿ ಹಳದಿ ಯಾವುದೂ ಇಲ್ಲ, ಅಲ್ಲಿ ಚಿಂತೆ ಇಲ್ಲ.

ಇನ್ನೊಂದು ತಟ್ಟೆಯಲ್ಲಿ ಹಳದಿಗೆ ಆಗುವ ನಷ್ಟ: 38ಕ್ಕೆ 6 ಸೇರಿ 44, ಅದೂ ಖಚಿತವಾಗಿ. ಎಂಟೂವರೆಯ ಎದುರು 44. ಹೊಡೆಯಬೇಕು, ಎರಡು ಮಾತಿಲ್ಲ. ಮೇಲಾಗಿ ಆ ಕಾಯಿ 13ರ ಸೇಫ್ ಮನೆಗೆ ಒಂದೇ ಹೆಜ್ಜೆ ದೂರದಲ್ಲಿತ್ತು. ಇವತ್ತು ಬಿಟ್ಟರೆ ಅದು ಮುಂದಿನ ಸರದಿಯಲ್ಲಿ ಅಲ್ಲೇ ಕಾಯುತ್ತಾ ಇರುತ್ತದೆ ಎಂಬ ಭರವಸೆ ಇಲ್ಲ. ತನ್ನ ಕಾಯಿ ಅಪಾಯದಲ್ಲಿರುವುದು ಕಂಡ ಕೂಡಲೇ ನಕ್ಷತ್ರಕ್ಕೆ ಓಡಿಸುವವರು ಇಂಥ ಹೊಡೆತಗಳನ್ನು ಕೈಬಿಡುತ್ತಾರೆ, ಮತ್ತು ಆಟವನ್ನು ಸೋಲುವುದು ಅಲ್ಲಿಯೇ.

ಈಗ ಕಾಯಿಗಳನ್ನು ಬದಲಿಸುತ್ತೇನೆ. ನಮ್ಮ ಒಂದು ಕಾಯಿ 44ರಲ್ಲಿ, ಇನ್ನೊಂದು 26ರಲ್ಲಿ, ಅಂದರೆ ಹಳದಿಯ ಹೊರಡುವ ಮನೆಯಲ್ಲೇ ಸುಖವಾಗಿ ಕೂತಿದೆ. ಹಳದಿಯ ಕಾಯಿಗಳು 42, 40 ಮತ್ತು 29ರಲ್ಲಿ, ಒಂದು ಗೂಡಿನಲ್ಲಿ. ಮತ್ತೆ 3 ಬಿತ್ತು. 44ರದ್ದನ್ನು 47ರ ನಕ್ಷತ್ರಕ್ಕೆ ಸೇರಿಸಬಹುದು. ಅಥವಾ 26ರದ್ದರಿಂದ 29ರ ಹಳದಿಯನ್ನು ಹೊಡೆಯಬಹುದು.

29ರ ಹಳದಿ ಹೊರಟು ಮೂರೇ ಹೆಜ್ಜೆ. ಹೊಡೆದರೆ ಅವರಿಗೆ ನಷ್ಟ 3ಕ್ಕೆ 6 ಸೇರಿ ಒಂಬತ್ತು. ನಮ್ಮ 44ರ ಕಾಯಿಗೆ ಈಗ ಎರಡು ಕಡೆಯಿಂದ ಪೆಟ್ಟು: 2 ಬಿದ್ದರೂ, 4 ಬಿದ್ದರೂ. 6 ಬಿದ್ದು ಗೂಡಿನದ್ದನ್ನು ತೆಗೆದು ಆಮೇಲೆ 2 ಅಥವಾ 4 ಬಿದ್ದರೂ. ಒಟ್ಟು ಸೇರಿಸಿದರೆ 100ಕ್ಕೆ 40. ಆ ಕಾಯಿ ಹೋದರೆ ನಷ್ಟ 50. ಅಂದರೆ ಅಪಾಯದ ಬೆಲೆ 20 ಹೆಜ್ಜೆ. ಹೊಡೆಯಲು ಹೋದ ಕಾಯಿ ಸೇಫ್ ಮನೆ ಬಿಟ್ಟು ಹಳದಿಯ ಬಾಗಿಲಿನ ಎದುರು ಬಯಲಿಗೆ ಬಂತಲ್ಲ, ಅದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿ. 21ರ ಎದುರು ಒಂಬತ್ತು. ಹೊಡೆಯಬಾರದು. 47ಕ್ಕೆ ಹೋಗಿ ಕೂರಿ. ಮೂರು ಹೆಜ್ಜೆಯ ಹಳದಿ ಕಾಯಿ ಆಮೇಲೂ ನಮ್ಮ 26ರ ಎದುರಿನಲ್ಲೇ ನಡೆದು ಹೋಗಬೇಕಷ್ಟೆ.

ಇಷ್ಟು ಹೇಳುವಾಗ ನಿವೃತ್ತ ಮಾಸ್ಟ್ರೊಬ್ಬರು ಕೈ ಎತ್ತಿದರು. "ನಮ್ಮ ಮನೆಯಲ್ಲಿ ಹೊಡೆದವರಿಗೆ ಇನ್ನೊಂದು ಗರ ಉಂಟು ಮಾರಾಯ್ರೆ. ಆಗ ಈ ಲೆಕ್ಕ ನಿಲ್ಲುತ್ತದಾ?"

ಬಹಳ ಒಳ್ಳೆಯ ಪ್ರಶ್ನೆ ಮಾಸ್ಟ್ರೇ. ನಿಲ್ಲುವುದಿಲ್ಲ. ಮೊದಲನೇ ಆಟದಲ್ಲಿ ವ್ಯತ್ಯಾಸ ಆಗದು, ಅಲ್ಲಿ ಹೇಗೂ ಹೊಡೆಯುವುದೇ ಸರಿ. ಎರಡನೆಯದರಲ್ಲಿ ಎಲ್ಲ ಬದಲಾಗುತ್ತದೆ. ಹೊಡೆದ ಮೇಲೆ ಸಿಗುವ ಆ ಗರವನ್ನು 44ರ ಕಾಯಿಗೆ ಕೊಟ್ಟು ನೋಡೋಣ. 3 ಬಿದ್ದರೆ ನಕ್ಷತ್ರ, ಅಪಾಯವೇ ಇಲ್ಲ. 6 ಬಿದ್ದರೆ 50ಕ್ಕೆ ಹೋಗುತ್ತದೆ, ಮತ್ತೆ ಒಂದು ಗರ ಸಿಗುತ್ತದೆ. 50ರಿಂದ ಯಾವುದು ಬಿದ್ದರೂ ನಮ್ಮ ಬಣ್ಣದ ಸಾಲಿನೊಳಗೆ, ಅಲ್ಲೂ ಅಪಾಯ ಇಲ್ಲ. 5 ಬಿದ್ದರೆ 49, ಎರಡೂ ಹಳದಿಗಳಿಂದ ಏಳು ಮತ್ತು ಒಂಬತ್ತು ಮನೆ ದೂರ, ಅಪಾಯ 100ಕ್ಕೆ 4. 4 ಬಿದ್ದರೆ 48, ಅಪಾಯ 17. 2 ಬಿದ್ದರೆ 46, ಅಪಾಯ 33. 1 ಬಿದ್ದರೆ 45, ಮೊದಲಿನ ಹಾಗೆ 40. ಈ ಆರರ ಸರಾಸರಿ 16. 50ರಲ್ಲಿ 100ಕ್ಕೆ 16 ಎಂದರೆ ಎಂಟು ಹೆಜ್ಜೆ. ಹೊರಗೆ ಬಂದ ಇನ್ನೊಂದು ಕಾಯಿಯದ್ದು ಒಂದು ಸೇರಿ ಒಂಬತ್ತು. ಲಾಭದ ಕಡೆ ಒಂಬತ್ತು, ಜೊತೆಗೆ ಪುಕ್ಕಟೆ ಗರದಲ್ಲಿ ನಡೆದ ಸುಮಾರು ನಾಲ್ಕು ಹೆಜ್ಜೆ. ತಕ್ಕಡಿ ಹೊಡೆಯುವ ಕಡೆಗೆ ವಾಲಿತು.

ಅದೇ ಹಲಗೆ, ಅದೇ ಕಾಯಿಗಳು, ಅದೇ 3. ಒಂದು ನಿಯಮ ಬದಲಾದದ್ದಕ್ಕೆ ಸರಿಯಾದ ನಡೆಯೇ ಬೇರೆಯಾಯಿತು. ಹೊಡೆದವರಿಗೆ ಮತ್ತೊಂದು ಗರ ಉಂಟೋ ಇಲ್ಲವೋ ಎಂದು ಮೊದಲೇ ಕೇಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮೊಬೈಲಿನಲ್ಲಿ ಆ ನಿಯಮದ ಜೊತೆ ಆಡಿ ಅಭ್ಯಾಸವಾದವರು, ಅದು ಇಲ್ಲದ ಮನೆಗೆ ಬಂದು ಅದೇ ರಭಸದಲ್ಲಿ ಹೊಡೆಯುತ್ತಾ ಹೋದರೆ ಕಾಯಿ ಕಳೆದುಕೊಳ್ಳುತ್ತಾರೆ.

ಪ್ರತಿ ಸಲ ಇಷ್ಟೆಲ್ಲ ಗುಣಾಕಾರ ಮಾಡುತ್ತಾ ಕೂತರೆ ಚಹಾ ತಣ್ಣಗಾಗುತ್ತದೆ, ಗೊತ್ತು. ಆಡುವಾಗ ಮೂರು ವಿಷಯ ನೋಡಿದರೆ ಸಾಕಾಗುತ್ತದೆ: ಹೊಡೆಯಬೇಕಾದ ಕಾಯಿ ಎಷ್ಟು ನಡೆದಿದೆ, ನಾವು ಬಿಟ್ಟುಹೋಗುವ ಕಾಯಿ ಎಷ್ಟು ನಡೆದಿದೆ, ಅದನ್ನು ಹೊಡೆಯಲು ಅವರಿಗೆ ಎಷ್ಟು ಬೇರೆ ಬೇರೆ ಗರ ಉಪಯೋಗಕ್ಕೆ ಬರುತ್ತದೆ. ಒಂದೇ ಗರ ಆದರೆ ನಮ್ಮ ನಷ್ಟದ ಐದನೇ ಒಂದು ಪಾಲು, ಎರಡು ಗರ ಆದರೆ ಐದರಲ್ಲಿ ಎರಡು ಪಾಲು ಎಂದು ಹಿಡಿಯಿರಿ. ಅವರ ಗೂಡಿನಲ್ಲಿ ಕಾಯಿ ಇದ್ದಾಗ ಇದು ಸುಮಾರಾಗಿ ಸರಿಹೋಗುತ್ತದೆ.

47ರ ನಕ್ಷತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಕೂತ ಕಾಯಿಗೆ 4, 5, 6 ಬಿದ್ದರೆ ನೇರ ನಮ್ಮ ಸಾಲಿನೊಳಗೆ. 1, 2, 3 ಬಿದ್ದರೆ 48, 49, 50ರ ಬಯಲು. 47 ಹೆಜ್ಜೆ ನಡೆದ ಕಾಯಿಯನ್ನು ಒಂದೋ ಎರಡೋ ಹೆಜ್ಜೆಯ ಆಸೆಗೆ ಬಯಲಿಗೆ ಎಳೆಯಬಾರದು. ಚಿಕ್ಕ ಗರಗಳನ್ನು ನುಂಗಲು ಇನ್ನೊಂದು ಕಾಯಿ ನಡೆಯುತ್ತಾ ಇರಬೇಕು. ಒಂದೇ ಕಾಯಿಯನ್ನು ಓಡಿಸಿ ಓಡಿಸಿ 47ಕ್ಕೆ ತಂದು, ಉಳಿದ ಮೂರನ್ನು ಗೂಡಿನಲ್ಲೇ ಬಿಟ್ಟವರಿಗೆ 1 ಬಿದ್ದರೆ ಬೇರೆ ದಾರಿ ಇಲ್ಲ, ಆ ಕಾಯಿಯೇ ಹೊರಗೆ ಬರಬೇಕು. ಆದ್ದರಿಂದ 6 ಬಿದ್ದಾಗ, ಹೊಡೆಯುವ ಅವಕಾಶವೋ ತುರ್ತಾಗಿ ಪಾರಾಗುವ ಅಗತ್ಯವೋ ಇಲ್ಲದಿದ್ದರೆ, ಎರಡನೇ ಕಾಯಿಯನ್ನು ಹೊರಗೆ ತರುವುದೇ ಒಳ್ಳೆಯದು. ಎರಡು ಕಾಯಿ ಹೊರಗಿದ್ದು, ಒಂದಕ್ಕೆ ಸೇಫ್ ಮನೆ ಐದು ಹೆಜ್ಜೆ, ಇನ್ನೊಂದಕ್ಕೆ ಮೂರು ಹೆಜ್ಜೆ ಇದ್ದರೆ 5ಕ್ಕೂ ಕೆಲಸ ಉಂಟು, 3ಕ್ಕೂ ಕೆಲಸ ಉಂಟು. ಎರಡಕ್ಕೂ ಐದೈದೇ ಹೆಜ್ಜೆ ಇದ್ದರೆ ಆ ಅನುಕೂಲ ಅರ್ಧಕ್ಕೆ ಇಳಿಯಿತು.

"ಇದೆಲ್ಲ ಇಬ್ಬರ ಆಟದ ಲೆಕ್ಕ. ನಾವು ನಾಲ್ಕು ಜನ ಕೂರುತ್ತೇವೆ" ಎಂದು ಒಬ್ಬರು ಹೇಳಿದರು. ಸರಿಯಾದ ಮಾತು. ನಾಲ್ವರಿದ್ದಾಗ ಎರಡು ಸಂಗತಿ ಬದಲಾಗುತ್ತವೆ. ನಮ್ಮ ಸರದಿ ಮತ್ತೆ ಬರುವ ಮೊದಲು ಮೂರು ಜನ ದಾಳ ಹಾಕುತ್ತಾರೆ. ಮೂರೂ ಬಣ್ಣದ ಒಂದೊಂದು ಕಾಯಿ ನಮ್ಮ ಹಿಂದೆ ಆರು ಮನೆಯೊಳಗೆ ಇದ್ದರೆ ಅಪಾಯ 17 ಅಲ್ಲ, 42. ಹಾಗಾಗಿ ಸೇಫ್ ಮನೆಯ ಬೆಲೆ ಏರುತ್ತದೆ. ಎರಡನೆಯದು, ಹೊಡೆತದ ಲಾಭ ನಮಗೊಬ್ಬರಿಗೇ ಅಲ್ಲ. ನಾವು ಹಸಿರನ್ನು ಹೊಡೆದರೆ ಹಳದಿಗೂ ನೀಲಿಗೂ ಅಷ್ಟೇ ಲಾಭ, ಅವರಿಗೆ ಯಾವ ಅಪಾಯವೂ ಇಲ್ಲದೆ. ನಮ್ಮ ಕಾಯಿ ಹೋದರೆ ಮಾತ್ರ ನಷ್ಟವೆಲ್ಲ ನಮ್ಮದೇ. ನಾಲ್ವರ ಆಟದಲ್ಲಿ ಮುಂದೆ ಇರುವವರನ್ನು ಹೊಡೆಯುವುದಕ್ಕೆ ಅಪಾಯ ತೆಗೆದುಕೊಳ್ಳಿ, ಹಿಂದೆ ಬಿದ್ದವರನ್ನು ಹೊಡೆಯಲು ನಮ್ಮ ಕಾಯಿಯನ್ನು ಬಯಲಿನಲ್ಲಿ ಬಿಡಬೇಡಿ. ಮೂರು ಕಾಯಿ ಹಣ್ಣು ಮಾಡಿಕೊಂಡು ನಾಲ್ಕನೆಯದನ್ನು ನಡೆಸುತ್ತಿರುವವರು ಸಿಕ್ಕರೆ, ಅದು ಎಷ್ಟೇ ಹೆಜ್ಜೆ ನಡೆದಿರಲಿ, ಹೊಡೆಯಿರಿ. ಅವರಿಗೆ ಉಳಿದದ್ದು ಅದೊಂದೇ ಕಾಯಿ.

ಕೊನೆಯ ಪ್ರಶ್ನೆ ಅದೇ ಹುಡುಗನದ್ದು: "ಹೊಡೆಯಲು ಕಾದು ಕೂರುವುದಾದರೆ ಎಲ್ಲಿ ಕೂರಬೇಕು ಸರ್?"

ಹೊರಡುವ ಮನೆಗಳಲ್ಲಿ. ನಮ್ಮದೇ ಆಗಬೇಕೆಂದಿಲ್ಲ, 13, 26, 39 ಯಾವುದಾದರೂ ಸರಿ. ಆಗಲೇ ಹೇಳಿದ ಎಂಟರ ಅಂತರ ನೆನಪುಂಟಲ್ಲ? ಅಲ್ಲಿಂದ ಮುಂದಿನ ನಕ್ಷತ್ರಕ್ಕೆ ಒಂದೇ ಗರದಲ್ಲಿ ಯಾರೂ ಹೋಗಲಾರರು. ಹಾದುಹೋಗುವವರು ಸಾಮಾನ್ಯವಾಗಿ ನಮ್ಮ ಎದುರಿನ ಆರು ಮನೆಗಳಲ್ಲಿ ಒಂದರಲ್ಲಿ ನಿಲ್ಲಬೇಕಾಗುತ್ತದೆ. ನಾವು ಕೂತದ್ದು ಸೇಫ್ ಮನೆ, ಅವರು ನಿಂತದ್ದು ಬಯಲು. ನಕ್ಷತ್ರದಲ್ಲಿ ಕಾದು ಕೂತರೆ ಇಷ್ಟು ಸಿಗದು, ಅಲ್ಲಿಂದ ಐದೇ ಹೆಜ್ಜೆಗೆ ಇನ್ನೊಂದು ಸೇಫ್ ಮನೆ ಉಂಟು. ಆದರೆ ಎದುರು ನಿಂತ ಕಾಯಿಯನ್ನು ಹೊಡೆಯುವ ಅವಕಾಶ ಸರದಿಗೆ ಆರರಲ್ಲಿ ಒಂದು ಮಾತ್ರ, ಆದ್ದರಿಂದ ಬೀಳುವ ಉಳಿದ ಗರಗಳಿಗೆ ಕೆಲಸ ಕೊಡಲು ಇನ್ನೊಂದು ಕಾಯಿ ಹೊರಗಿರುವಷ್ಟು ಹೊತ್ತು ಮಾತ್ರ ಕಾಯಿರಿ. ಆ ಕಾಯಿ ಹಣ್ಣಾದ ಸರದಿಯಿಂದ ಕಾದು ಕೂತದ್ದು ತಾನೇ ಎದ್ದು ನಡೆಯಬೇಕಾಗುತ್ತದೆ, ಮತ್ತು ಅದರ ಎದುರು ಇರುವುದೂ ಅದೇ ಎಂಟರ ಬಯಲು.